ಏಣಿಯ ತುದಿಯಲ್ಲಿ ಐದು ನಿಮಿಷದ ನೀರು

ಶಿವಮೊಗ್ಗದಂಥ ಊರಿನಲ್ಲಿ ಅಂಗಡಿಯೋ ಗೋದಾಮೋ ಹೊತ್ತಿ ಉರಿದ ಮರುದಿನ ಒಂದು ಮಾತು ಎದ್ದೇ ಏಳುತ್ತದೆ: ನಮಗೂ ದೊಡ್ಡ ಏಣಿಯ ಗಾಡಿ ಬೇಕು. ಬೆಂಗಳೂರಿಗೆ 2023ರಲ್ಲಿ 90 ಮೀಟರ್ ಎತ್ತರ ಮುಟ್ಟುವ ಏಣಿಯ ವಾಹನ ಬಂದ ಮೇಲಂತೂ ಈ ಬೇಡಿಕೆಗೆ ಒಂದು ಅಳತೆಗೋಲೂ ಸಿಕ್ಕಿದೆ. ಅವರಿಗೆ 90 ಇದ್ದರೆ ನಮಗೆ 30 ಆದರೂ ಬೇಡವೇ ಎಂಬ ಲೆಕ್ಕ. ಬೇಡಿಕೆ ತಪ್ಪಲ್ಲ. ಹಂಚಿನ ಮನೆಗಳಿದ್ದ ಜಾಗದಲ್ಲಿ ಆರೇಳು ಅಂತಸ್ತಿನ ಕಟ್ಟಡಗಳು ಏಳುತ್ತಿರುವಾಗ ಜನರನ್ನು ಕಿಟಕಿಯಿಂದ ಇಳಿಸುವ ದಾರಿಯೊಂದು ಇರಬೇಕು. ಆದರೆ ಏಣಿ ಎಂದರೆ ಎತ್ತರ, ಎತ್ತರ ಎಂದರೆ ರಕ್ಷಣೆ ಎಂದು ಅಲ್ಲಿಗೇ ನಿಲ್ಲಿಸಿದರೆ ಮುಖ್ಯವಾದ ಎರಡು ಪ್ರಶ್ನೆಗಳು ಉಳಿದುಬಿಡುತ್ತವೆ. ಏಣಿಯ ತುದಿಗೆ ನೀರು ಎಲ್ಲಿಂದ ಬರುತ್ತದೆ? ಬಂದ ನೀರು ಎಷ್ಟು ನಿಮಿಷ ಬರುತ್ತದೆ?

ತಿರುಗು ಏಣಿಯ ವಾಹನದಲ್ಲಿ ಸಾಮಾನ್ಯವಾಗಿ ಹೇಳಿಕೊಳ್ಳುವಷ್ಟು ನೀರು ಇರುವುದಿಲ್ಲ. ಅದರ ಭಾರವೆಲ್ಲ ಉಕ್ಕಿನ ಏಣಿ, ತಿರುಗುವ ಪೀಠ ಮತ್ತು ಕೆಳಗಿನ ಜಾಕ್‌ಗಳಿಗೇ ಹೋಗಿರುತ್ತದೆ. ಅದಕ್ಕೆ ನೀರು ಕೊಡುವುದು ಪಕ್ಕದಲ್ಲಿ ನಿಂತ ಇನ್ನೊಂದು ವಾಹನ, ಅಂದರೆ ನಾವೆಲ್ಲ ರಸ್ತೆಯಲ್ಲಿ ನೋಡುವ ಕೆಂಪು ವಾಟರ್ ಟೆಂಡರ್. ಟೆಂಡರ್‌ನಲ್ಲಿ ಟ್ಯಾಂಕ್ ಇದೆ, ಪಂಪ್ ಇದೆ. ಪಂಪಿನಿಂದ ಹೊರಟ ಹೋಸ್ ಪೈಪು ಏಣಿ ವಾಹನದ ಬುಡಕ್ಕೆ ಸೇರುತ್ತದೆ. ಅಲ್ಲಿಂದ ಏಣಿಯ ಉದ್ದಕ್ಕೂ ಹೋಗುವ ಕೊಳವೆಯಲ್ಲಿ ನೀರು ಮೇಲೇರಿ, ತುದಿಯ ಮಾನಿಟರ್ ಎಂಬ ದೊಡ್ಡ ನಾಝಲ್‌ನಿಂದ ಚಿಮ್ಮುತ್ತದೆ. ಟ್ಯಾಂಕ್, ಪಂಪ್, ಏಣಿ ಹೀಗೆ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಮೂರರಲ್ಲಿ ಯಾವುದು ದುರ್ಬಲವೋ ಉಳಿದೆರಡರ ಶಕ್ತಿಯೂ ಅಷ್ಟಕ್ಕೇ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಲು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ದುರ್ಗಿಗುಡಿಯಂಥ ವ್ಯಾಪಾರದ ಬೀದಿಯ ಆಸುಪಾಸಿನಲ್ಲಿ ಏಳು ಹಂತದ ಕಟ್ಟಡ. ಐದನೇ ಮಹಡಿಯ ಮನೆಯೊಂದರಲ್ಲಿ ಬೆಂಕಿ. ಆ ಮನೆಯ ಕಿಟಕಿ ನೆಲದಿಂದ ಸುಮಾರು 18 ಮೀಟರ್ ಎತ್ತರದಲ್ಲಿದೆ. ಸ್ಥಳಕ್ಕೆ ಒಂದು ವಾಟರ್ ಟೆಂಡರ್ ಬಂದಿದೆ, 30 ಮೀಟರ್ ದಾಟುವ ಒಂದು ತಿರುಗು ಏಣಿಯೂ ಬಂದಿದೆ ಎಂದೇ ಇಟ್ಟುಕೊಳ್ಳೋಣ.

ಮೊದಲು ಟ್ಯಾಂಕ್. ನಮ್ಮಲ್ಲಿ ಬಳಕೆಯಲ್ಲಿರುವ ದೊಡ್ಡ ಮಾದರಿಯ ವಾಟರ್ ಟೆಂಡರ್‌ಗಳಲ್ಲಿ ಸಾಮಾನ್ಯವಾಗಿ 4500 ಲೀಟರ್ ನೀರು ಇರುತ್ತದೆ. ನಾಲ್ಕೂವರೆ ಟನ್ ಭಾರ ಅದು. ಘಾಟಿಯ ತಿರುವಿನಲ್ಲಿ ನೀರು ಒಂದೇ ಕಡೆಗೆ ನುಗ್ಗಿ ಗಾಡಿ ಮಗುಚದಿರಲೆಂದು ಟ್ಯಾಂಕಿನೊಳಗೆ ಅಡ್ಡ ತಡಿಕೆಗಳನ್ನು ಕೊಟ್ಟಿರುತ್ತಾರೆ. ಈ ಟ್ಯಾಂಕಿನ ನಿಜವಾದ ಉಪಯೋಗ ಮೊದಲ ನಿಮಿಷದಲ್ಲಿದೆ. ಟ್ಯಾಂಕಿನ ನೀರು ತನ್ನ ಭಾರದಿಂದಲೇ ಪಂಪಿನೊಳಗೆ ಇಳಿಯುವುದರಿಂದ ಚಾಲಕ ಕವಾಟ ತೆರೆದು ಪಂಪಿಗೆ ಎಂಜಿನ್ನಿನ ಶಕ್ತಿ ಜೋಡಿಸಿದರೆ ಸಾಕು, ನೀರು ಹೊರಡುತ್ತದೆ. ಎಲ್ಲಿಂದಲೋ ಎಳೆದುಕೊಳ್ಳುವ ಕೆಲಸವಿಲ್ಲ. ಹೊರಗಿನ ನೀರಿಗೆ ವ್ಯವಸ್ಥೆ ಆಗುವವರೆಗೆ ಸಿಗುವ ಗಡುವು ಎಂದು ಈ 4500 ಲೀಟರನ್ನು ನೋಡಬೇಕು. ಇಡೀ ಕಟ್ಟಡದ ಬೆಂಕಿಗೆ ಇಷ್ಟು ಸಾಕು ಎಂದು ಯಾವ ಠಾಣಾಧಿಕಾರಿಯೂ ಲೆಕ್ಕ ಹಾಕುವುದಿಲ್ಲ.

ಇನ್ನು ಪಂಪ್. ಈ ವರ್ಗದ ಟೆಂಡರ್‌ಗೆ ಭಾರತೀಯ ಮಾನಕ ಹೇಳುವ ಸಾಮರ್ಥ್ಯ ನಿಮಿಷಕ್ಕೆ 1800 ಲೀಟರ್, 7 ಬಾರ್ ಒತ್ತಡದಲ್ಲಿ. ಒಂದು ಬಾರ್ ಎಂದರೆ ನೀರನ್ನು ಸುಮಾರು ಹತ್ತು ಮೀಟರ್ ಮೇಲಕ್ಕೆ ತಳ್ಳುವಷ್ಟು ಒತ್ತಡ. ಇಲ್ಲಿ ಎರಡು ಸಂಖ್ಯೆಗಳನ್ನು ಒಟ್ಟಿಗೇ ಓದಬೇಕು, ಏಕೆಂದರೆ ಈ ಪಂಪು ಎರಡನ್ನೂ ಬೇಕಾದಷ್ಟು ಕೊಡುವುದಿಲ್ಲ. ಒಳಗೆ ರಭಸದಿಂದ ತಿರುಗುವ ಚಕ್ರವೊಂದು ನೀರನ್ನು ನಡುವಿನಿಂದ ಅಂಚಿಗೆ ಎಸೆಯುತ್ತದೆ. ಹೆಚ್ಚು ನೀರು ಬಿಟ್ಟರೆ ಒತ್ತಡ ಕುಸಿಯುತ್ತದೆ, ಹೆಚ್ಚು ಒತ್ತಡ ಬೇಕೆಂದರೆ ನೀರಿನ ಪ್ರಮಾಣ ಇಳಿಯುತ್ತದೆ. ಏಣಿಗೆ ನೀರು ಕೊಡುವಾಗ ಚಾಲಕನ ಚಿಂತೆಯೆಲ್ಲ ಇದರ ಸುತ್ತಲೇ. ನಮ್ಮಲ್ಲಿ ಗಾಡಿ ಓಡಿಸಿಕೊಂಡು ಬಂದ ಚಾಲಕನೇ ಸ್ಥಳದಲ್ಲಿ ಪಂಪ್ ನಡೆಸುವವನೂ ಹೌದು ಎಂಬುದನ್ನು ಬಹಳ ಜನ ಗಮನಿಸಿರುವುದಿಲ್ಲ.

ನಮ್ಮ ಐದನೇ ಮಹಡಿಗೆ ಎಷ್ಟು ಒತ್ತಡ ಬೇಕು? ಏಣಿಯ ತುದಿಯ ನಾಝಲ್ ಬಾಯಿ 25 ಮಿಲಿಮೀಟರ್ ಎನ್ನೋಣ. ಅದರಿಂದ ಹೊರಟ ಧಾರೆ ಕಿಟಕಿ ದಾಟಿ ಕೋಣೆಯ ಒಳಗೆ ಹೋಗಲು ನಾಝಲ್‌ನಲ್ಲಿ 5 ಬಾರ್ ಬೇಕು. ಆ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 930 ಲೀಟರ್ ಹೊರಹೋಗುತ್ತದೆ. 18 ಮೀಟರ್ ಎತ್ತರ ಏರಿಸಲು 1.8 ಬಾರ್. ಏಣಿಯ ಕೊಳವೆ ಮತ್ತು ಅದರ ತಿರುವುಗಳಲ್ಲಿ ಕಳೆದುಹೋಗುವುದಕ್ಕೆ ಒಂದು ಬಾರ್ ಇಟ್ಟುಕೊಳ್ಳೋಣ. ಉಳಿದದ್ದು ಟೆಂಡರಿನಿಂದ ಏಣಿಯ ಬುಡದವರೆಗಿನ ಹೋಸ್. ಬೀದಿ ಕಿರಿದು, ಟೆಂಡರ್ 60 ಮೀಟರ್ ಹಿಂದೆ ನಿಂತಿದೆ ಎಂದರೆ ಈ ಹೋಸ್‌ನ ಲೆಕ್ಕವೇ ಇಡೀ ಕೆಲಸವನ್ನು ಎತ್ತುತ್ತದೆ ಅಥವಾ ಕೆಡಿಸುತ್ತದೆ.

63 ಮಿಲಿಮೀಟರ್‌ನ ಒಂದೇ ಸಾಲು ಹಾಸಿ 930 ಲೀಟರನ್ನೂ ಅದರಲ್ಲೇ ತೂರಿಸಿದರೆ ಉಜ್ಜಾಟದಲ್ಲೇ ಸುಮಾರು 3.3 ಬಾರ್ ಹೋಗುತ್ತದೆ. ಒಟ್ಟು 11 ಬಾರ್ ದಾಟಿತು. ಅದೇ ಎರಡು ಸಾಲು ಹಾಸಿ ನೀರನ್ನು ಹಂಚಿದರೆ ನಷ್ಟ 0.8 ಬಾರ್‌ಗೆ ಇಳಿಯುತ್ತದೆ, ಒಟ್ಟು 8.6ರಲ್ಲಿ ಕೆಲಸ ಮುಗಿಯುತ್ತದೆ. ನೀರು ಅರ್ಧವಾದರೆ ಉಜ್ಜಾಟ ಅರ್ಧವಾಗುವುದಿಲ್ಲ, ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಸುಸ್ಥಿತಿಯಲ್ಲಿರುವ ಪಂಪು 8.6 ಬಾರ್‌ನಲ್ಲಿ ತನ್ನ ಸಾಮರ್ಥ್ಯದ ಅರ್ಧದಷ್ಟು ನೀರನ್ನು ನಿರಾಯಾಸವಾಗಿ ಕೊಡಬಲ್ಲದು. 11 ಕೇಳಿದರೆ ಎಂಜಿನ್ ಕಿರುಚತೊಡಗುತ್ತದೆ, ಮೇಲಿನ ಧಾರೆ ಕಿಟಕಿಯ ಸಜ್ಜಾಕ್ಕೆ ಬಡಿದು ಕೆಳಗೆ ಸುರಿಯುತ್ತದೆ. ಕೆಳಗೆ ನೆರೆದವರಿಗೆ ಅದು ಏಣಿಯ ದೋಷವಾಗಿ ಕಾಣುತ್ತದೆ. ಎರಡನೇ ಹೋಸ್ ಹಾಸದೇ ಇದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಏಣಿಯ ವಿಚಾರಕ್ಕೆ ಬಂದರೆ, ಅದರ ಎತ್ತರವನ್ನು ತೀರ್ಮಾನಿಸುವುದು ಗಾಡಿ ನಿಂತ ಜಾಗ. ಏಣಿಯ ಬುಡವೇ ನೆಲದಿಂದ ಸುಮಾರು ಎರಡು ಮೀಟರ್ ಮೇಲಿರುವುದರಿಂದ ನಮ್ಮ ಕಿಟಕಿಗೆ ಇನ್ನು 16 ಮೀಟರ್ ಏರಬೇಕು. ಪೀಠದ ನಡುಭಾಗ ಗೋಡೆಯಿಂದ 10 ಮೀಟರ್ ದೂರದಲ್ಲಿದ್ದರೆ ಏಣಿಯನ್ನು 58 ಡಿಗ್ರಿ ಎತ್ತಿ 19 ಮೀಟರ್ ಚಾಚಿದರೆ ಸಾಕು. ಇದು ಹಿತವಾದ ಸ್ಥಿತಿ. ಕಟ್ಟಡದ ಮುಂದೆ ಕಾರು, ಜನರೇಟರ್, ಹೂವಿನ ಕಟ್ಟೆ ಎಲ್ಲ ಇದ್ದು 16 ಮೀಟರ್ ಹಿಂದೆ ನಿಲ್ಲಬೇಕಾಯಿತು ಎನ್ನಿ. ಆಗ ಕೋನ 45ಕ್ಕೆ ಇಳಿಯುತ್ತದೆ, ಏಣಿ 22 ಮೀಟರ್‌ಗೂ ಹೆಚ್ಚು ಚಾಚಬೇಕು. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಮೈಲಿ ನಡೆಯುವವರೂ ಅದನ್ನೇ ಕೈಚಾಚಿ ಹಿಡಿದು ಹತ್ತು ಹೆಜ್ಜೆ ಹಾಕಲಾರರು. ಏಣಿಯ ಕಷ್ಟವೂ ಅದೇ. ಉದ್ದ ಇದೆ ಎಂದ ಮಾತ್ರಕ್ಕೆ ಯಂತ್ರ ಅಷ್ಟನ್ನೂ ಅಡ್ಡಕ್ಕೆ ಚಾಚಲು ಬಿಡುವುದಿಲ್ಲ. ತುದಿಯ ಭಾರ ಮತ್ತು ಚಾಚಿದ ದೂರವನ್ನು ಅಳೆಯುತ್ತಿರುವ ಸುರಕ್ಷಾ ವ್ಯವಸ್ಥೆ, ಮಗುಚುವ ಮಿತಿ ಹತ್ತಿರವಾದಾಗ ಏಣಿಯನ್ನು ಅಲ್ಲಿಗೇ ನಿಲ್ಲಿಸುತ್ತದೆ.

ಹಾಗಾದರೆ ಗೋಡೆಗೆ ಅಂಟಿಕೊಂಡೇ ನಿಲ್ಲಿಸಬಹುದಲ್ಲ ಎಂದರೆ ಅದೂ ಆಗದು. ನಾಲ್ಕು ಮೀಟರ್ ದೂರದಲ್ಲಿ ನಿಂತರೆ ಆ ಕಿಟಕಿಗೆ 76 ಡಿಗ್ರಿ ಬೇಕು. ಬಹುತೇಕ ತಿರುಗು ಏಣಿಗಳು 75ರ ಆಸುಪಾಸಿನಲ್ಲಿ ನಿಂತುಬಿಡುತ್ತವೆ. ತೀರಾ ಹತ್ತಿರವೂ ಬೇಡ, ದೂರವೂ ಬೇಡ. ನಡುವೆ ಸಿಗುವ ಕೆಲವೇ ಮೀಟರ್‌ಗಳ ಪಟ್ಟಿಯಲ್ಲಿ ಗಾಡಿ ನಿಲ್ಲಬೇಕು. ಮೊದಲು ಬಂದ ಟೆಂಡರ್ ಆತುರದಲ್ಲಿ ಅದೇ ಪಟ್ಟಿಯಲ್ಲಿ ನಿಂತುಬಿಟ್ಟರೆ ಹಿಂದೆ ಬಂದ ಏಣಿಗೆ ಜಾಗವೇ ಇಲ್ಲ. ಟೆಂಡರನ್ನು ಹಿಂದಕ್ಕೆ ತೆಗೆಯೋಣವೆಂದರೆ ಅಷ್ಟರಲ್ಲಿ ಅದರ ಹೋಸ್‌ಗಳಲ್ಲಿ ನೀರು ತುಂಬಿ ಅವು ರಸ್ತೆಯಲ್ಲಿ ಕಲ್ಲಿನಂತೆ ಬಿಗಿದುಕೊಂಡಿರುತ್ತವೆ. ಹೋಸನ್ನು ಉದ್ದ ಮಾಡಬಹುದು, ಏಣಿಯನ್ನು ಮಾಡಲಾಗದು; ಆದ್ದರಿಂದ ಕಟ್ಟಡದ ಮುಂಭಾಗವನ್ನು ಏಣಿಗೆ ಬಿಟ್ಟು ಟೆಂಡರ್ ದೂರ ನಿಲ್ಲುವುದೇ ಅನುಭವಸ್ಥರ ಕ್ರಮ.

ಜಾಕ್‌ಗಳನ್ನು ಹತ್ತಿರದಿಂದ ನೋಡಬೇಕು. ಗಾಡಿ ನಿಂತ ಕೂಡಲೇ ಎರಡೂ ಬದಿಯಿಂದ ನಾಲ್ಕು ಉಕ್ಕಿನ ಕಾಲುಗಳು ಹೊರಬಂದು ನೆಲಕ್ಕೆ ಊರುತ್ತವೆ. ಅವು ಪೂರ್ತಿ ಹೊರಬರಲು ರಸ್ತೆಯಲ್ಲಿ ಸುಮಾರು ಐದು ಮೀಟರ್ ಅಗಲ ಬೇಕು. ನಾಲ್ಕೂ ಗಟ್ಟಿಯಾಗಿ ಊರುವವರೆಗೆ ಏಣಿ ತನ್ನ ತೊಟ್ಟಿಲಿನಿಂದ ಮೇಲೇಳುವುದೇ ಇಲ್ಲ. ಯಂತ್ರದ ಬೀಗ ಬಿಡುವುದಿಲ್ಲ. ಏಣಿ ಒಂದು ಬದಿಗೆ ತಿರುಗಿ ಚಾಚಿದಾಗ ಹದಿನೈದು ಟನ್ನಿಗೂ ಮೀರಿದ ಗಾಡಿಯ ಭಾರದ ಬಹುಪಾಲು ಆ ಬದಿಯ ಎರಡು ಕಾಲುಗಳ ಮೇಲೆ ಬೀಳುತ್ತದೆ. ನಮ್ಮ ಹಳೆಯ ಬೀದಿಗಳಲ್ಲಿ ರಸ್ತೆಯ ಅಂಚು ಎಂದರೆ ಚರಂಡಿ, ಅದರ ಮೇಲೆ ಚಪ್ಪಡಿ ಕಲ್ಲು. ಮೇಲಿನಿಂದ ನೋಡಿದರೆ ಗಟ್ಟಿ ನೆಲವೇ. ಜಾಕ್‌ನ ಪಾದ ಅಲ್ಲಿ ಊರಿದರೆ ಚಪ್ಪಡಿ ಮುರಿಯುವುದು ಏಣಿಯನ್ನು ನೆಟ್ಟಗೆ ಎತ್ತಿದಾಗ ಅಲ್ಲ, ಅದು ಆ ಬದಿಗೆ ಚಾಚಿಕೊಂಡು ತುದಿಯಲ್ಲಿ ಜನ ಇರುವಾಗ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನೆನೆದ ಮಲೆನಾಡಿನ ರಸ್ತೆಯಂಚೂ ಹೀಗೇ ಮೋಸ ಮಾಡುತ್ತದೆ. ಅದಕ್ಕೇ ಪಾದದ ಕೆಳಗೆ ಅಗಲವಾದ ಹಲಗೆ ಹಾಕುತ್ತಾರೆ, ಒಬ್ಬ ಸಿಬ್ಬಂದಿ ಜಾಕ್‌ಗಳ ಮೇಲೇ ಕಣ್ಣಿಟ್ಟಿರುತ್ತಾನೆ. ಹಲಗೆ ಒಂದು ಕಡೆಗೆ ವಾಲಲು ಶುರುವಾದರೆ, ಚರಂಡಿಯ ಅಂಚಿನ ಸಿಮೆಂಟಿನಲ್ಲಿ ಹೊಸ ಬಿರುಕು ಕಂಡರೆ ಏಣಿಯನ್ನು ಒಳಕ್ಕೆ ಎಳೆದುಕೊಳ್ಳುವುದೊಂದೇ ದಾರಿ.

ಬಹುಮಹಡಿ ಕಟ್ಟಡದ ಸುತ್ತ ಕನಿಷ್ಠ 6 ಮೀಟರ್ ಅಗಲದ, 45 ಟನ್ ತೂಕದ ವಾಹನವನ್ನು ತಾಳುವ ಗಟ್ಟಿ ನೆಲ ಇರಬೇಕೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದರ ಹಿಂದಿರುವುದು ಈ ಪಾದಗಳ ಲೆಕ್ಕವೇ. ನಕ್ಷೆಯಲ್ಲಿ ಆ ಆರು ಮೀಟರ್ ಇರುತ್ತದೆ. ಅದರ ಮೇಲೆ ತಗಡಿನ ಶೆಡ್ ಎದ್ದಮೇಲೆ, ಅದರಡಿಯಲ್ಲೇ ನೆಲಮಾಳಿಗೆಯ ಪಾರ್ಕಿಂಗ್ ಬಂದಮೇಲೆ ಏಣಿಯ ಮಟ್ಟಿಗೆ ಅದು ಇಲ್ಲದಂತೆಯೇ. ಬೀದಿಗೆ ಅಡ್ಡಲಾಗಿ ಹಾದ ವಿದ್ಯುತ್ ತಂತಿಗಳಿದ್ದರಂತೂ ಸಂಪರ್ಕ ಕಡಿತವಾಗಿದೆ ಎಂಬ ಖಚಿತ ಮಾತು ಬರುವವರೆಗೆ ಏಣಿ ಅವುಗಳ ಬಳಿ ಸುಳಿಯುವಂತಿಲ್ಲ.

ಸರಿ, ಎಲ್ಲ ಕೂಡಿಬಂತು. ಏಣಿ ಕಿಟಕಿಯ ಎದುರು ನಿಂತಿದೆ, ಎರಡು ಸಾಲು ಹೋಸ್ ಜೋಡಿಸಿದ್ದಾಗಿದೆ. ಮೇಲಿನಿಂದ ನೀರು ಬಿಡಿ ಎಂಬ ಸೂಚನೆ ವೈರ್‌ಲೆಸ್‌ನಲ್ಲಿ ಬರುತ್ತದೆ. ನೀರು ಮೊದಲು ಬೆಂಕಿಗೆ ಹೋಗುವುದಿಲ್ಲ, ಖಾಲಿ ಹೋಸ್‌ಗಳನ್ನು ತುಂಬುತ್ತದೆ. 63 ಮಿಲಿಮೀಟರ್ ಹೋಸ್ ಒಂದು ಮೀಟರಿಗೆ ಮೂರು ಲೀಟರಿಗೂ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ. ಎರಡು ಸಾಲು ಸೇರಿ 120 ಮೀಟರ್, ಅಂದರೆ 370 ಲೀಟರ್. ಏಣಿಯ ಕೊಳವೆ ಇನ್ನು ನೂರು ಲೀಟರಿನಷ್ಟು ಕುಡಿಯುತ್ತದೆ. ಮೊದಲ ಹನಿ ಕಿಟಕಿ ಮುಟ್ಟುವ ಹೊತ್ತಿಗೆ ಟ್ಯಾಂಕಿನಲ್ಲಿ ಉಳಿದಿರುವುದು ನಾಲ್ಕು ಸಾವಿರ ಲೀಟರ್. ನಿಮಿಷಕ್ಕೆ 930ರಂತೆ ಅದು ನಾಲ್ಕೂಕಾಲು ನಿಮಿಷ. ಹೋಸ್ ತುಂಬುವುದನ್ನೂ ಸೇರಿಸಿದರೆ ಐದು ನಿಮಿಷ ತುಂಬುವ ಮೊದಲೇ ಟ್ಯಾಂಕ್ ಬರಿದು.

ಈ ಹೊತ್ತಿನಲ್ಲಿ ಚಾಲಕ ಎಂಜಿನ್ನಿನ ವೇಗವನ್ನು ನಿಧಾನವಾಗಿ ಏರಿಸಬೇಕು, ಮೇಲಿನವನು ಕವಾಟವನ್ನು ನಿಧಾನವಾಗಿ ತೆರೆಯಬೇಕು. 25 ಮಿಲಿಮೀಟರ್ ಬಾಯಿಂದ 5 ಬಾರ್‌ನಲ್ಲಿ ಚಿಮ್ಮುವ ನೀರು ಸುಮಾರು 50 ಕಿಲೋ ಬಲದಿಂದ ನಾಝಲನ್ನು ಹಿಂದಕ್ಕೆ ತಳ್ಳುತ್ತದೆ. ಹತ್ತೊಂಬತ್ತು ಮೀಟರ್ ಚಾಚಿದ ಏಣಿಯ ತುದಿಯಲ್ಲಿ ಆ ತಳ್ಳು ಒಮ್ಮೆಲೇ ಬಿದ್ದರೂ ಒಮ್ಮೆಲೇ ನಿಂತರೂ ಏಣಿ ತೂಗಾಡುತ್ತದೆ. ಕವಾಟವನ್ನು ಥಟ್ಟನೆ ಮುಚ್ಚಿದರೆ ಓಡುತ್ತಿದ್ದ ನೀರು ಕೊಳವೆಯಲ್ಲೇ ತಡೆದು ಹಿಂದಕ್ಕೆ ಬಡಿಯುತ್ತದೆ. ಹೋಸ್ ಒಡೆಯುವುದು ಹೆಚ್ಚಾಗಿ ಇಂಥ ಗಳಿಗೆಯಲ್ಲೇ.

ಟ್ಯಾಂಕ್ ಮುಗಿಯುತ್ತಿರುವುದು ಮಟ್ಟ ತೋರುವ ಗಾಜಿನಲ್ಲಿ ಕಾಣುತ್ತದೆ. ಅದನ್ನು ನೋಡದವರಿಗೂ ಧಾರೆಯೇ ಹೇಳುತ್ತದೆ. ತಳದ ನೀರು ಸುಳಿ ಕಟ್ಟಿ ಗಾಳಿಯನ್ನೂ ಒಳಗೆಳೆದುಕೊಂಡಾಗ ಮೇಲಿನ ಧಾರೆ ಕೆಮ್ಮಿದಂತೆ ಬಿಟ್ಟುಬಿಟ್ಟು ಬರುತ್ತದೆ, ಒತ್ತಡದ ಮುಳ್ಳು ನಡುಗುತ್ತದೆ. ಅಷ್ಟರೊಳಗೆ ಬೇರೆ ನೀರು ಪಂಪಿಗೆ ಬಂದಿರಬೇಕು.

ಬೇರೆ ನೀರು ಎಲ್ಲಿಂದ? ಇನ್ನೊಂದು ಟೆಂಡರ್ ಬರುತ್ತದೆ, ಮತ್ತೆ 4500 ಲೀಟರ್, ಮತ್ತೆ ಐದು ನಿಮಿಷಕ್ಕೂ ಕಡಿಮೆ. ನೀರು ತುಂಬಿಸುವ ಜಾಗ ಐದು ನಿಮಿಷದ ದಾರಿಯಲ್ಲಿದೆ, ಅಲ್ಲಿ ನಿಮಿಷಕ್ಕೆ ಸಾವಿರ ಲೀಟರ್ ಸಿಗುತ್ತದೆ ಎಂದು ಧಾರಾಳವಾಗಿಯೇ ಹಿಡಿಯೋಣ. ಹೋಗಲು ಐದು, ತುಂಬಲು ನಾಲ್ಕೂವರೆ, ಬರಲು ಐದು, ಹೋಸ್ ಬಿಚ್ಚಿ ಜೋಡಿಸಲು ಎರಡೂವರೆ. ಒಂದು ಸುತ್ತಿಗೆ 17 ನಿಮಿಷ. ಅಷ್ಟು ಹೊತ್ತಿನಲ್ಲಿ ಏಣಿ ಕುಡಿಯುವುದು 15,800 ಲೀಟರ್. ಅಂದರೆ ಧಾರೆ ಕಡಿಯದಂತೆ ನೋಡಿಕೊಳ್ಳಲು ನಾಲ್ಕು ಟೆಂಡರ್‌ಗಳು ಓಡಾಡುತ್ತಲೇ ಇರಬೇಕು, ಅವುಗಳಿಂದ ನೀರು ಪಡೆದು ಏಣಿಗೆ ತಳ್ಳುವ ಟೆಂಡರ್ ಜಾಗ ಬಿಟ್ಟು ಕದಲಬಾರದು. ಒಟ್ಟು ಐದು ಗಾಡಿ, ಒಂದು ಏಣಿಗೆ. ತಾಲ್ಲೂಕು ಠಾಣೆಗಳಿಂದ ತರಿಸಬಹುದು, ಆದರೆ ಭದ್ರಾವತಿಯಿಂದಲೋ ತೀರ್ಥಹಳ್ಳಿಯಿಂದಲೋ ಗಾಡಿ ಬರುವಷ್ಟರಲ್ಲಿ ಕೋಣೆಯ ಬೆಂಕಿ ಮಹಡಿಯ ಬೆಂಕಿಯಾಗಿರುತ್ತದೆ. ಬೌಸರ್ ಎಂಬ ದೊಡ್ಡ ಟ್ಯಾಂಕಿನ ವಾಹನ ಇದ್ದರೆ ಲೆಕ್ಕ ಸ್ವಲ್ಪ ಸಡಿಲವಾಗುತ್ತದೆ. ಖಾಸಗಿ ನೀರಿನ ಟ್ಯಾಂಕರ್‌ಗಳನ್ನು ಕರೆಯುವುದೂ ಉಂಟು. ಅವುಗಳ ಪೈಪಿನ ಬಾಯಿ ಅಗ್ನಿಶಾಮಕ ಹೋಸ್‌ಗೆ ಕೂಡದೇ ಇದ್ದರೆ ನೀರನ್ನು ಟೆಂಡರಿನ ಟ್ಯಾಂಕಿನ ಮೇಲಿನ ಬಾಯಿಗೋ ಹತ್ತಿರದ ಸಂಪಿಗೋ ಸುರಿಯಬೇಕಾಗುತ್ತದೆ.

ತುಂಗೆ ಊರ ನಡುವೆಯೇ ಹರಿಯುವಾಗ ನೀರಿಗೆ ಬರವೇ ಎಂಬ ಪ್ರಶ್ನೆ ಸಹಜ. ಪಂಪು ಟ್ಯಾಂಕಿನ ನೀರಿಗೆ ಒಂದು ಬಗೆ, ಕೆಳಗಿರುವ ನೀರಿಗೆ ಇನ್ನೊಂದು ಬಗೆ. ಈ ಪಂಪಿಗೆ ಗಾಳಿಯನ್ನು ತಳ್ಳಲು ಬರುವುದಿಲ್ಲ. ನದಿಗೆ ಇಳಿಬಿಟ್ಟ ಗಟ್ಟಿ ಹೀರುಕೊಳವೆಯೊಳಗಿನ ಗಾಳಿಯನ್ನು ಪ್ರೈಮರ್ ಎಂಬ ಸಣ್ಣ ಉಪಕರಣ ಮೊದಲು ಹೊರತೆಗೆಯುತ್ತದೆ, ಆಗ ಹೊರಗಿನ ವಾತಾವರಣದ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ತಳ್ಳಿಕೆ ಹೆಚ್ಚೆಂದರೆ 10.3 ಮೀಟರ್, ಸೋರಿಕೆ, ಉಜ್ಜಾಟ ಕಳೆದು ಕೈಗೆ ಸಿಗುವುದು ಏಳು ಮೀಟರಿನಷ್ಟು. ಶಿವಮೊಗ್ಗದ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಇನ್ನೂ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ, ಬಾಬಾಬುಡನ್‌ಗಿರಿಯ ಎತ್ತರದಲ್ಲಾದರೆ ಎರಡು ಮೀಟರ್. ಎಂಜಿನ್ ಎಷ್ಟೇ ದೊಡ್ಡದಿರಲಿ ಈ ಮಿತಿಯನ್ನು ದಾಟಲಾಗದು. ಸೇತುವೆಯ ಮೇಲೆ ನಿಂತು ಬೇಸಿಗೆಯ ತುಂಗೆಯಿಂದ ನೀರೆತ್ತುವ ಆಸೆ ಇಲ್ಲಿಗೇ ಮುಗಿಯುತ್ತದೆ. ಗಾಡಿ ನೀರಿನ ಹತ್ತಿರ ಇಳಿಯುವಂಥ ಗಟ್ಟಿ ದಾರಿ ಬೇಕು, ಅಂಥ ಜಾಗಗಳು ಯಾವುವೆಂದು ಮೊದಲೇ ಗೊತ್ತಿರಬೇಕು.

ದಾರಿ ಸಿಕ್ಕರೂ ಮಳೆಗಾಲದ ಹೊಳೆ ಎಲೆ, ಕಡ್ಡಿ, ಕೆಸರನ್ನು ಹೊತ್ತು ತರುತ್ತದೆ. ಹೀರುಕೊಳವೆಯ ತುದಿಯ ಜಾಲರಿ ಎಲೆಗಳಿಂದ ಮುಚ್ಚಿಕೊಂಡಿತೆಂದರೆ ನಿರ್ವಾತ ತೋರುವ ಮುಳ್ಳು ಮೇಲೇರುತ್ತದೆ, ನೀರು ಮಾತ್ರ ಬರುವುದಿಲ್ಲ. ಮುಳ್ಳು ಏರುವುದೇ ಇಲ್ಲ ಎಂದರೆ ತೊಂದರೆ ಬೇರೆ: ಎಲ್ಲೋ ಜೋಡಣೆಯ ವಾಷರ್ ಸವೆದು ಗಾಳಿ ಒಳಬರುತ್ತಿದೆ. ಒಂದೇ ಮುಳ್ಳು ಎರಡು ಕಾಯಿಲೆಗಳನ್ನು ಬೇರೆಬೇರೆಯಾಗಿ ಹೇಳುತ್ತದೆ, ಓದಲು ಗೊತ್ತಿದ್ದರೆ. ಮೂರನೆಯದು ಕಿವಿಗೆ ಕೇಳುವಂಥದ್ದು. ಬರುವ ನೀರಿಗಿಂತ ಹೆಚ್ಚು ಕೇಳಿದಾಗ ಪಂಪಿನೊಳಗೆ ಜಲ್ಲಿ ಉರುಳಿದಂತೆ ಸದ್ದಾಗುತ್ತದೆ, ವೇಗ ಏರಿಸಿದರೂ ಒತ್ತಡ ಏರದು. ಆಗ ವೇಗ ಇಳಿಸಬೇಕು. ಗಾಬರಿಯಲ್ಲಿ ಕೈ ಹೋಗುವುದು ಏರಿಸುವ ಕಡೆಗೇ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಇದು: ನಮ್ಮ ಊರಿನ ಮಟ್ಟಿಗೆ ಏಣಿಯನ್ನು ಜನರನ್ನು ಇಳಿಸಲು ಇಟ್ಟುಕೊಂಡು, ನೀರನ್ನು ಮೆಟ್ಟಿಲ ಮೇಲಿನಿಂದ ಒಯ್ಯುವುದೇ ಲೇಸು. ಅದೇ ಐದನೇ ಮಹಡಿಗೆ ಸಿಬ್ಬಂದಿ ಉಸಿರಾಟದ ಉಪಕರಣ ತೊಟ್ಟು ಮೆಟ್ಟಿಲಲ್ಲಿ ಹೋಸ್ ಎಳೆದುಕೊಂಡು ಹೋಗಿ 12.5 ಮಿಲಿಮೀಟರ್ ನಾಝಲ್ ಬಳಸಿದರೆ ನಿಮಿಷಕ್ಕೆ 200 ಲೀಟರಿಗಿಂತ ಕಡಿಮೆ ಸಾಕು. ಪಂಪಿನಲ್ಲಿ ಆರು ಬಾರ್ ಕೂಡ ಬೇಡ. ಹೋಸ್ ತುಂಬಿದ್ದು ಕಳೆದರೂ 4500 ಲೀಟರ್ ಇಪ್ಪತ್ತು ನಿಮಿಷ ಬರುತ್ತದೆ, ನೀರು ಉರಿಯುವ ವಸ್ತುವಿನ ಮೇಲೇ ಬೀಳುತ್ತದೆ. ಹೊರಗಿನಿಂದ ಹೊಡೆದ ಧಾರೆಯ ಬಹುಪಾಲು ಗೋಡೆಗೋ ಛಾವಣಿಗೋ ಬಡಿದು ಮೆಟ್ಟಿಲಿಳಿದು ಹೋಗುತ್ತದೆ. ಒಳಗೆ ಸಿಬ್ಬಂದಿ ಇರುವಾಗ ಏಣಿಯಿಂದ ಅದೇ ಕೋಣೆಗೆ ನೀರು ಹೊಡೆದರಂತೂ ಬಿಸಿ ಹಬೆ, ಹೊಗೆ ಎಲ್ಲ ಅವರ ಕಡೆಗೇ ನುಗ್ಗುತ್ತದೆ. ಹಾಗಾಗಿ ಎರಡರಲ್ಲಿ ಒಂದನ್ನೇ ಆರಿಸಬೇಕು, ಆರಿಸುವವರು ಒಬ್ಬರೇ ಆಗಿರಬೇಕು. ಮೆಟ್ಟಿಲು ಕುಸಿಯುವಂತಿದ್ದಾಗ, ಮಹಡಿ ಪೂರ್ತಿ ಹೊತ್ತಿಕೊಂಡಾಗ, ಪಕ್ಕದ ಕಟ್ಟಡವನ್ನು ಉಳಿಸಬೇಕಾದಾಗ ಏಣಿಯ ಮಾನಿಟರಿಗೆ ಬೇರೆ ಸಾಟಿಯಿಲ್ಲ ಎಂಬುದೂ ನಿಜ.

ಮೆಟ್ಟಿಲ ದಾರಿ ಸುಲಭವಾಗಬೇಕಾದರೆ ಕಟ್ಟಡದಲ್ಲೇ ಮೇಲಿನವರೆಗೆ ಹೋಗುವ ನಿಲುಕೊಳವೆ ಇರಬೇಕು, ಅದರ ಕೆಳಗಿನ ಬಾಯಿಗೆ ಟೆಂಡರ್ ಹೋಸ್ ಜೋಡಿಸುವಂತಿರಬೇಕು. ಪಂಪಿನ ನೀರು ನೇರವಾಗಿ ಐದನೇ ಮಹಡಿಯ ಕವಾಟದಲ್ಲಿ ಸಿಗುತ್ತದೆ. ಹೊಸ ಕಟ್ಟಡಗಳಲ್ಲಿ ಕೆಂಪು ಬಣ್ಣದ ಆ ಕೊಳವೆ ಇರುತ್ತದೆ. ಅದರ ಬಾಯಿಯ ಮುಂದೆ ಸಾಲಾಗಿ ಸ್ಕೂಟರ್‌ಗಳೂ ಇರುತ್ತವೆ. ಸಂಪಿನಲ್ಲಿ ಬೆಂಕಿಗೆಂದು ಮೀಸಲಿಟ್ಟ ನೀರು ಏಪ್ರಿಲ್ ಹೊತ್ತಿಗೆ ಸ್ನಾನದ ನೀರಾಗಿ ಖರ್ಚಾಗಿರುತ್ತದೆ.

ಹಳೆಯ ಹಂಚಿನ ಮನೆಗಳ ಸಂಗತಿ ಬೇರೆ. ಮಲೆನಾಡಿನ ಪೇಟೆಗಳಲ್ಲಿ ಇವು ಇನ್ನೂ ಸಾಲುಸಾಲಾಗಿವೆ, ಎತ್ತರ ಏಳೆಂಟು ಮೀಟರ್ ದಾಟುವುದಿಲ್ಲ. ಏಣಿಯ ಮೇಲಿನಿಂದ ಹೊಡೆದರೆ ಸುಲಭವಲ್ಲವೇ ಎನಿಸುತ್ತದೆ. ಹಂಚಿನ ಮಾಡನ್ನು ಕಟ್ಟಿರುವುದೇ ಆಗುಂಬೆಯ ಮಳೆಯನ್ನೂ ಒಳಗೆ ಬಿಡದಂತೆ. ನಿಮಿಷಕ್ಕೆ ಒಂಬೈನೂರು ಲೀಟರ್ ಸುರಿದರೂ ಅದು ಇಳಿಜಾರಿನಲ್ಲಿ ಜಾರಿ ಅಂಗಳ ಸೇರುತ್ತದೆ. ಕೆಳಗೆ ಅಟ್ಟದಲ್ಲಿ ಪಕ್ಕಾಸು, ರೀಪು, ಒಣ ಅಡಿಕೆ, ಸೌದೆ ಉರಿಯುತ್ತಲೇ ಇರುತ್ತವೆ. ಇಲ್ಲಿ ಏಣಿಯ ಉಪಯೋಗ ಸಿಬ್ಬಂದಿಯ ಭಾರವನ್ನು ಮಾಡಿನ ಮೇಲೆ ಹಾಕದೆ ಹಂಚು ಸರಿಸಲು ಮಾತ್ರ. ಮೇಲಿನ ಸಾಲಿನಿಂದ ಹಂಚು ತೆಗೆದರೆ ಹೊಗೆ ಹೊರಬೀಳುತ್ತದೆ, ಅಟ್ಟ ಕಾಣುತ್ತದೆ, ಆಮೇಲೆ ಸಣ್ಣ ನಾಝಲ್‌ನ ತುಂತುರು ಸಾಕಾಗುತ್ತದೆ.

ಊರು ಬಿಟ್ಟು ಒಳಗೆ ಹೋದಂತೆ ಏಣಿಯ ಪ್ರಶ್ನೆಯೇ ಇಲ್ಲ. ಹದಿನೈದು ಟನ್ನಿನ ಗಾಡಿ ತೋಟದ ದಾರಿಯ ಮೋರಿ ದಾಟದು. ಹಲವು ಸಲ ಟೆಂಡರೂ ದಾಟದು. ಅಲ್ಲಿಗೆ ಬೇಕಾದದ್ದು ನಾಲ್ವರು ಎತ್ತಿಕೊಂಡು ಹೋಗಬಹುದಾದ ಸಣ್ಣ ಪಂಪು. ಅದನ್ನು ತೋಟದ ಕೆರೆಯ ದಂಡೆಯಲ್ಲಿ, ನೀರಿಗೆ ಎರಡು ಮೂರು ಮೀಟರ್ ಎತ್ತರದಲ್ಲಿ ಇಟ್ಟರೆ ಹೀರುವ ಕಷ್ಟವೂ ಇಲ್ಲ, ಟ್ಯಾಂಕ್ ಮುಗಿಯುವ ಚಿಂತೆಯೂ ಇಲ್ಲ. ಟೆಂಡರ್ ದೂರದ ರಸ್ತೆಯಲ್ಲಿ ನಿಂತು ತನ್ನ 4500 ಲೀಟರಿನಿಂದ ಕೆಲಸ ಶುರುಮಾಡುತ್ತದೆ, ಅಷ್ಟರಲ್ಲಿ ಕೆರೆಯ ಪಂಪು ಅದರ ಟ್ಯಾಂಕಿಗೆ ನೀರು ತುಂಬತೊಡಗುತ್ತದೆ. ಜಿಲ್ಲೆಗೆ ಒಂದು ಏಣಿ ಬರುವುದಾದರೆ ಬರಲಿ. ಅದರ ಜೊತೆಗೆ ಒಂದು ಬೌಸರ್, ಪ್ರತಿ ತಾಲ್ಲೂಕಿಗೆ ಇಂಥ ಎರಡು ಪಂಪು, ತುಂಗೆಗೂ ಕೆರೆಗಳಿಗೂ ಗಾಡಿ ಇಳಿಯುವ ಕಾಂಕ್ರೀಟ್ ದಾರಿ ಇವುಗಳನ್ನೂ ಅದೇ ಬೇಡಿಕೆಯ ಪತ್ರದಲ್ಲಿ ಬರೆಯಬೇಕು.